ಸಹಪಾಠಿಗಳ ಪೋಸ್ಟ್ ನೋಡಿ ಹಿಂದೆ ಬಿದ್ದೆನೆಂಬ ಆತಂಕ: ನಿಜವಾಗಿ ಎಷ್ಟು ಹಿಂದೆ ಎಂದು ತಿಳಿಯುವುದು ಹೇಗೆ?

ತುಂಗೆಯ_ದಡ (ಪ್ರಶ್ನೆ ಕೇಳಿದವರು)

ನಾನು 2014ರಲ್ಲಿ ಮಲೆನಾಡಿನ ಒಂದು ಇಂಜಿನಿಯರಿಂಗ್ ಕಾಲೇಜಿನಿಂದ ಪದವಿ ಪಡೆದು, ಈಗ ಮೈಸೂರಿನಲ್ಲಿ ಸಾಫ್ಟ್‌ವೇರ್ ಪರೀಕ್ಷಣೆಯ ಕೆಲಸದಲ್ಲಿದ್ದೇನೆ. ವಾರ್ಷಿಕ ಸಿಟಿಸಿ 19 ಲಕ್ಷ ರೂಪಾಯಿ. ಈ ಕೆಲಸದ ಬಗ್ಗೆ ನನಗೆ ದೂರಿಲ್ಲ. ಆದರೆ ರಾತ್ರಿ ಮಗಳು ಮಲಗಿದ ಮೇಲೆ ಲಿಂಕ್ಡ್‌ಇನ್ ತೆರೆದು ಅರ್ಧ ಗಂಟೆ ಸುಮ್ಮನೆ ಬೆರಳಾಡಿಸುವ ಚಾಳಿ ಕಳೆದ ಎರಡು ವರ್ಷಗಳಿಂದ ಅಂಟಿಕೊಂಡಿದೆ. ಕಳೆದ ಸೋಮವಾರ ಒಂದೇ ಸಲಕ್ಕೆ ಮೂರು ಸುದ್ದಿಗಳು ಕಂಡವು. ನಮ್ಮ ಸೆಕ್ಷನ್ನಿನ ಒಬ್ಬ ನಿರ್ದೇಶಕನಾಗಿದ್ದಾನೆ, ಇನ್ನೊಬ್ಬಳು ಜರ್ಮನಿಗೆ ಹೋಗಿದ್ದಾಳೆ, ಹಾಸ್ಟೆಲಿನಲ್ಲಿ ನನ್ನ ಪಕ್ಕದ ಕೋಣೆಯಲ್ಲಿದ್ದ ಗೆಳೆಯ ಹೊಸ ಕಂಪನಿ ಸೇರಿದ್ದಾನೆ. ಆತನ ಪ್ಯಾಕೇಜ್ 48 ಲಕ್ಷವೆಂದು ವಾಟ್ಸಾಪ್ ಗುಂಪಿನಲ್ಲಿ ಆಗಲೇ ಚರ್ಚೆಯಾಗುತ್ತಿತ್ತು. ನಾನು ಅಭಿನಂದನೆ ಬರೆದು ಫೋನ್ ಕೆಳಗಿಟ್ಟೆ, ಆದರೆ ಎರಡು ಗಂಟೆಯವರೆಗೂ ನಿದ್ದೆ ಬರಲಿಲ್ಲ.

ಹೊಟ್ಟೆಕಿಚ್ಚು ಕೆಟ್ಟದ್ದೆಂಬ ಉಪದೇಶ ನನಗೆ ಬೇಡ, ಅದು ನನಗೂ ಗೊತ್ತು. ನನ್ನ ಪ್ರಶ್ನೆ ಬೇರೆ. ನಾನು ಹಿಂದೆ ಬಿದ್ದಿದ್ದೇನೆ ಎಂದು ಅನ್ನಿಸುವುದು ಒಂದು, ನಿಜವಾಗಿ ಹಿಂದೆ ಬಿದ್ದಿರುವುದು ಇನ್ನೊಂದು. ಇವೆರಡನ್ನೂ ಬೇರ್ಪಡಿಸಿ ನೋಡುವ ದಾರಿ ಯಾವುದಾದರೂ ಇದೆಯೇ?

ಕಾಫಿಪುಡಿ

ಇದರಲ್ಲಿ ಬೇರ್ಪಡಿಸುವುದಕ್ಕೆ ಏನಿದೆ? ಎಲ್ಲವೂ ಡೋಪಮಿನ್ನಿನ ಆಟ. ನಮ್ಮನ್ನು ಪರದೆಯ ಮುಂದೆ ಕೂರಿಸುವುದಕ್ಕೆಂದೇ ಈ ಆ್ಯಪ್‌ಗಳನ್ನು ಕಟ್ಟಿರುತ್ತಾರೆ. ಇಂದೇ ತೆಗೆದುಹಾಕಿ, ಒಂದು ವಾರದಲ್ಲಿ ಆತಂಕ ತಾನಾಗಿಯೇ ಹೋಗುತ್ತದೆ. ನಾನು ಫೇಸ್‌ಬುಕ್ ಬಿಟ್ಟು ಮೂರು ವರ್ಷವಾಯಿತು, ನೆಮ್ಮದಿಯಾಗಿದ್ದೇನೆ.

ಬೆಳವಲದ_ಲೆಕ್ಕಿಗ

ನಾನು ಧಾರವಾಡದ ಕಡೆಯ ಪದವಿ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಆ್ಯಪ್ ತೆಗೆದುಹಾಕುವ ವಿಷಯಕ್ಕೆ ಆಮೇಲೆ ಬರೋಣ. ಪ್ರಶ್ನೆ ಕೇಳಿದವರು ಅಳತೆಯನ್ನು ಕೇಳಿದ್ದಾರೆ, ಆದ್ದರಿಂದ ಮೊದಲು ಅದನ್ನೇ ನೋಡುವುದು ಸರಿಯೆನಿಸುತ್ತದೆ.

ನಿಮ್ಮ ಸೆಕ್ಷನ್ನಿನಲ್ಲಿ ಅರವತ್ತು ಜನ ಇದ್ದರೆಂದು ಇಟ್ಟುಕೊಳ್ಳಿ. ಸೋಮವಾರ ರಾತ್ರಿ ನೀವು ಕಂಡದ್ದು ಆ ಅರವತ್ತು ಜನರಲ್ಲಿ ಯಾರೋ ಮೂವರನ್ನಲ್ಲ, ಆ ವಾರ ಹೇಳಿಕೊಳ್ಳುವಂಥದ್ದು ಇದ್ದ ಮೂವರನ್ನು. ಕೆಲಸ ಕಳೆದುಕೊಂಡವನು ಆ ದಿನ ಏನನ್ನೂ ಪ್ರಕಟಿಸುವುದಿಲ್ಲ. ಏಳು ವರ್ಷಗಳಿಂದ ಅದೇ ಹುದ್ದೆಯಲ್ಲಿರುವವನಿಗೆ ಪ್ರಕಟಿಸಲು ಏನೂ ಇರುವುದಿಲ್ಲ. ಮೌನವಾಗಿರುವವರು ಕಣ್ಣಿಗೆ ಬೀಳುವುದೇ ಇಲ್ಲವಾದ್ದರಿಂದ ನಮ್ಮ ಮನಸ್ಸು ಕಂಡವರನ್ನೇ ಇಡೀ ತರಗತಿಯೆಂದು ಎಣಿಸಿಕೊಂಡು ಸರಾಸರಿ ತೆಗೆದುಬಿಡುತ್ತದೆ.

ಇದರ ಮೇಲೆ ಇನ್ನೊಂದು ಸೋಜಿಗವಿದೆ. ಸ್ಕಾಟ್ ಫೆಲ್ಡ್ ಎಂಬ ಸಮಾಜಶಾಸ್ತ್ರಜ್ಞರು 1991ರಲ್ಲಿ ಒಂದು ವಿಷಯವನ್ನು ತೋರಿಸಿಕೊಟ್ಟರು: ಹೆಚ್ಚಿನವರಿಗೆ ತಮಗಿಂತ ತಮ್ಮ ಗೆಳೆಯರಿಗೇ ಹೆಚ್ಚು ಗೆಳೆಯರು ಇರುತ್ತಾರೆ. ಕೇಳಲು ಒಗಟಿನಂತಿದ್ದರೂ ಕಾರಣ ಸರಳವಾಗಿದೆ. ಐದುನೂರು ಜನರ ಪರಿಚಯ ಇರುವವನು ಐದುನೂರು ಜನರ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತಾನೆ, ಹತ್ತು ಜನರ ಪರಿಚಯ ಇರುವವನು ಹತ್ತೇ ಪಟ್ಟಿಗಳಲ್ಲಿ. 2011ರಲ್ಲಿ ಫೇಸ್‌ಬುಕ್ಕಿನ ಇಡೀ ಜಾಲವನ್ನು ಎಣಿಸಿದಾಗ ಒಬ್ಬ ಬಳಕೆದಾರರಿಗೆ ಸರಾಸರಿ 190 ಗೆಳೆಯರು ಇದ್ದರೆ, ಅವರ ಗೆಳೆಯರಿಗೆ ಸರಾಸರಿ 635 ಗೆಳೆಯರು ಇದ್ದರು. ಗದ್ದಲ ಮಾಡುವ ಕೆಲವೇ ಜನ ಎಲ್ಲರ ಪರದೆಯಲ್ಲೂ ಇರುವುದರಿಂದ, ಪ್ರತಿಯೊಬ್ಬರೂ ತಾವೊಬ್ಬರೇ ಸಪ್ಪೆಯೆಂದು ಭಾವಿಸುವುದಕ್ಕೆ ಯಾರ ಕುತಂತ್ರವೂ ಬೇಕಾಗಿಲ್ಲ, ಜಾಲದ ಆಕಾರವೇ ಸಾಕು.

ನಿಮಗೊಂದು ಕೆಲಸ ಕೊಡುತ್ತೇನೆ. ಹಳೆಯ ಹಾಜರಿ ಪಟ್ಟಿ ಅಥವಾ ಬೀಳ್ಕೊಡುಗೆಯ ಫೋಟೋ ಹಿಡಿದು ಎಲ್ಲರ ಹೆಸರನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ಕಳೆದ ಆರು ತಿಂಗಳಲ್ಲಿ ಯಾರು ಎಷ್ಟು ಪೋಸ್ಟ್ ಹಾಕಿದ್ದಾರೆ ಎಂಬುದನ್ನು ಅವರವರ ಪುಟಕ್ಕೇ ಹೋಗಿ ಎಣಿಸಿ ಗುರುತು ಮಾಡಿ. ನೆನಪಿನಿಂದ ಮಾತ್ರ ಬರೆಯಬೇಡಿ, ಏಕೆಂದರೆ ಚುಚ್ಚಿದ ಪೋಸ್ಟುಗಳೇ ನೆನಪಿನಲ್ಲಿ ಉಳಿದಿರುತ್ತವೆ.

ಗೆಲುವಿನ_ಹಾದಿ

ನಮಸ್ಕಾರ ಸರ್. ನಿಮ್ಮ ಸಮಸ್ಯೆ ನನಗೆ ಅರ್ಥವಾಯಿತು, ನಿಮ್ಮ ಪ್ರೊಫೈಲ್ ಜನರಿಗೆ ತಲುಪುತ್ತಿಲ್ಲ. ಮೊದಲು ಫೋಟೋ ಬದಲಿಸಿ, ಹೆಸರಿನ ಕೆಳಗಿನ ಸಾಲಿನಲ್ಲಿ ನಿಮ್ಮ ಕೌಶಲಗಳನ್ನು ಬರೆಯಿರಿ, ವಾರಕ್ಕೆ ಕನಿಷ್ಠ ಮೂರು ಪೋಸ್ಟ್ ಹಾಕಿರಿ. ಆರು ತಿಂಗಳಲ್ಲಿ ನಿಮ್ಮ ಸಹಪಾಠಿಗಳೇ ನಿಮ್ಮನ್ನು ನೋಡಿ ಬೆರಗಾಗುತ್ತಾರೆ.

ತುಂಗೆಯ_ದಡ

ಗೆಲುವಿನ ಹಾದಿಯವರೇ, ಧನ್ಯವಾದಗಳು. ನಾನು ಕೇಳಿದ್ದು ಅದನ್ನಲ್ಲ. ಹಾಗೆ ಮಾಡಿದರೆ ಇನ್ನೊಬ್ಬರ ನಿದ್ದೆ ಕೆಡಿಸುವವರ ಸಾಲಿಗೆ ನಾನೂ ಸೇರುತ್ತೇನೆ, ಅಷ್ಟೇ. ಲೆಕ್ಕಿಗ ಸರ್, ಈ ವಾರಾಂತ್ಯ ಪಟ್ಟಿ ಮಾಡಿ ಬರೆಯುತ್ತೇನೆ.

ದಾವಣಗೆರೆ_ಬೆಣ್ಣೆ

ಎಂ.ಟೆಕ್. ಮುಗಿಸಿ, ಮಗುವಾದ ಮೇಲೆ ಕೆಲಸ ಬಿಟ್ಟವಳು ನಾನು. ನನ್ನ ಅನುಭವ ಸ್ವಲ್ಪ ಬೇರೆ. ದೊಡ್ಡ ಉದ್ಯಮಿಗಳ ಬಂಗಲೆಯನ್ನು ನೋಡಿದರೆ ನನಗೆ ಏನೂ ಆಗುವುದಿಲ್ಲ. ಆದರೆ ನನ್ನ ಓರಗಿತ್ತಿ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಹೊಸ ಅಡುಗೆಮನೆಯ ಚಿತ್ರ ಹಾಕಿದ ದಿನ ನಮ್ಮ ಮನೆಯ ಒಲೆಯ ಕಟ್ಟೆ ಇದ್ದಕ್ಕಿದ್ದಂತೆ ಹಳತಾಗಿ ಕಾಣುತ್ತದೆ. ಒಂದೇ ವಯಸ್ಸು, ಒಂದೇ ಮನೆಗೆ ಬಂದ ಸೊಸೆಯರು, ಓದಿನಲ್ಲಿ ನಾನೇ ಒಂದು ಕೈ ಮೇಲು. ಅವಳು ನನಗೆ ಕೇಡು ಬಯಸಿದವಳಲ್ಲ, ನನ್ನ ಬಾಣಂತನಕ್ಕೆ ಎರಡು ತಿಂಗಳು ದುಡಿದವಳು. ಅದಕ್ಕೇ ಈ ಕಿರಿಕಿರಿಯನ್ನು ಯಾರ ಹತ್ತಿರವೂ ಹೇಳಿಕೊಳ್ಳಲಾಗುವುದಿಲ್ಲ. ಲೆಕ್ಕಿಗ ಸರ್ ಹೇಳಿದ ಎಣಿಕೆ ನನ್ನ ವಿಷಯದಲ್ಲಿ ಹೇಗೆ ಕೆಲಸ ಮಾಡುತ್ತದೆ? ಇಲ್ಲಿ ಇರುವುದೇ ಇಬ್ಬರು.

ಬೆಳವಲದ_ಲೆಕ್ಕಿಗ

ನಿಮ್ಮ ವಿಷಯದಲ್ಲಿ ಎಣಿಕೆ ಕೆಲಸ ಮಾಡುವುದಿಲ್ಲ ಮೇಡಂ, ಒಪ್ಪಿಕೊಳ್ಳುತ್ತೇನೆ. ಆದರೆ ನೀವು ಹೇಳಿದ್ದು ಈ ಚರ್ಚೆಯ ಬೇರಿಗೇ ಹೋಗುತ್ತದೆ. ಲಿಯಾನ್ ಫೆಸ್ಟಿಂಗರ್ ಎಂಬ ಮನಶ್ಶಾಸ್ತ್ರಜ್ಞರು 1954ರಲ್ಲೇ ಬರೆದ ಪ್ರಕಾರ, ಅಳೆಯಲು ಕೋಲು ಇಲ್ಲದ ಕಡೆ ಮನುಷ್ಯ ತನ್ನಂಥ ಇನ್ನೊಬ್ಬನನ್ನೇ ಕೋಲಾಗಿ ಮಾಡಿಕೊಳ್ಳುತ್ತಾನೆ. ಮೂಟೆ ಎತ್ತುವ ಶಕ್ತಿಯನ್ನು ತೂಕದ ಕಲ್ಲಿನಿಂದ ಅಳೆಯಬಹುದು. ಆದರೆ ಮೂವತ್ತಮೂರನೆಯ ವಯಸ್ಸಿನಲ್ಲಿ ಒಬ್ಬರು ಎಲ್ಲಿಗೆ ಮುಟ್ಟಿರಬೇಕು ಎಂಬುದಕ್ಕೆ ಯಾವ ಕಲ್ಲೂ ಇಲ್ಲ. ಆದ್ದರಿಂದ ಪಕ್ಕದ ಕೋಣೆಯ ಗೆಳೆಯ, ಓರಗಿತ್ತಿ, ಒಂದೇ ವರ್ಷ ಕೆಲಸಕ್ಕೆ ಸೇರಿದವರು ಅಳತೆಗೋಲಾಗುತ್ತಾರೆ. ದೂರದ ಬಂಗಲೆ ಚುಚ್ಚದೆ ಹತ್ತಿರದ ಅಡುಗೆಮನೆ ಚುಚ್ಚುವುದು ಈ ಕಾರಣಕ್ಕೆ. ಫೋನು ಇದನ್ನು ಹುಟ್ಟುಹಾಕಲಿಲ್ಲ. ಮೊದಲು ಮದುವೆ ಮುಂಜಿಗಳಲ್ಲಿ ವರ್ಷಕ್ಕೆ ಮೂರು ನಾಲ್ಕು ಸಲ ನಡೆಯುತ್ತಿದ್ದ ಈ ತೂಕ ನೋಡುವ ಕೆಲಸವನ್ನು ಅದು ಪ್ರತಿ ರಾತ್ರಿಗೆ ತಂದಿಟ್ಟಿತು.

ಸಂಬಳದ_ಚೀಟಿ

ನಾನು ಬೆಂಗಳೂರಿನಲ್ಲಿ ಹದಿನಾರು ವರ್ಷಗಳಿಂದ ಮಾನವ ಸಂಪನ್ಮೂಲ ವಿಭಾಗದಲ್ಲಿದ್ದು, ಆಫರ್ ಪತ್ರಗಳನ್ನು ಸಿದ್ಧಪಡಿಸುವುದೇ ನನ್ನ ಕೆಲಸ. 48 ಮತ್ತು 19 ಎಂಬ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟುಕೊಂಡು ನಿದ್ದೆಗೆಟ್ಟವರನ್ನು ನೋಡಿ ಸುಮ್ಮನಿರಲಾಗಲಿಲ್ಲ, ಏಕೆಂದರೆ ಇವೆರಡೂ ಒಂದೇ ಜಾತಿಯ ಅಂಕಿಗಳಲ್ಲದಿರುವ ಸಾಧ್ಯತೆ ಹೆಚ್ಚು.

ಇಂಥ 48 ಲಕ್ಷ ಸಾಮಾನ್ಯವಾಗಿ ಹೇಗೆ ಕೂಡಿಬರುತ್ತದೆ ಎಂಬುದಕ್ಕೆ ಒಂದು ಮಾದರಿ ಕೊಡುತ್ತೇನೆ. ಇದು ನಿಮ್ಮ ಗೆಳೆಯರ ಪತ್ರವಲ್ಲ, ನಾನು ದಿನವೂ ನೋಡುವ ಪತ್ರಗಳ ಆಕಾರ. ನಿಶ್ಚಿತ ವೇತನ 26 ಲಕ್ಷ. ಕೆಲಸದ ಮೌಲ್ಯಮಾಪನಕ್ಕೆ ಒಳಪಟ್ಟ ಬೋನಸ್ ಹೆಚ್ಚೆಂದರೆ 4 ಲಕ್ಷ. ಸೇರುವಾಗ ಒಂದೇ ಸಲ ಕೊಡುವ ಬೋನಸ್ 3 ಲಕ್ಷ, ವರ್ಷದೊಳಗೆ ಬಿಟ್ಟರೆ ಹಿಂದಿರುಗಿಸಬೇಕು. ಉಳಿದ 15 ಲಕ್ಷ ಷೇರುಗಳ ರೂಪದಲ್ಲಿ, ಅದೂ ನಾಲ್ಕು ವರ್ಷಗಳಿಗೆ ಹಂಚಿದ 60 ಲಕ್ಷದ ಕಾಲು ಭಾಗ. ಕಂಪನಿ ಷೇರುಪೇಟೆಯಲ್ಲಿ ನೋಂದಣಿಯಾಗಿಲ್ಲದಿದ್ದರೆ ಆ 15 ಲಕ್ಷ ಸದ್ಯಕ್ಕೆ ಕಾಗದದ ಮೇಲಿನ ಬೆಲೆ ಮಾತ್ರ.

ಈಗ ಆ 26 ಲಕ್ಷದಲ್ಲಿ ತಿಂಗಳಿಗೆ ಕೈಗೆ ಎಷ್ಟು ಬರುತ್ತದೆ ಎಂದು ನೋಡೋಣ. ಅರ್ಧದಷ್ಟು ಮೂಲವೇತನವೆಂದು ಹಿಡಿದರೆ, ಕಂಪನಿಯ ಪಾಲಿನ ಪಿಎಫ್ ಮತ್ತು ಗ್ರಾಚ್ಯುಟಿ ಸೇರಿ ಸುಮಾರು 2.2 ಲಕ್ಷ ಮೊದಲೇ ಬದಿಗೆ ಹೋಗುತ್ತದೆ. ನೌಕರನ ಪಾಲಿನ ಪಿಎಫ್ 1.56 ಲಕ್ಷ. 2025-26ರ ಹೊಸ ತೆರಿಗೆ ಪದ್ಧತಿಯಂತೆ ತೆರಿಗೆ ಸುಮಾರು 2.9 ಲಕ್ಷ. ಎಲ್ಲ ಕಳೆದು ತಿಂಗಳಿಗೆ ಬರುವುದು ಸುಮಾರು 1 ಲಕ್ಷ 61 ಸಾವಿರ. ನಿಮ್ಮ 19 ಲಕ್ಷ ಪೂರ್ತಿ ನಿಶ್ಚಿತ ವೇತನವೇ ಆಗಿದ್ದರೆ ಅದೇ ಲೆಕ್ಕದಲ್ಲಿ ನಿಮಗೆ ತಿಂಗಳಿಗೆ ಸುಮಾರು 1 ಲಕ್ಷ 24 ಸಾವಿರ ಬರಬೇಕು. ಎರಡೂವರೆ ಪಟ್ಟು ಎಂದು ನಿಮ್ಮ ನಿದ್ದೆ ಕೆಡಿಸಿದ ಅಂತರ ತಿಂಗಳ ಖರ್ಚಿನ ಮಟ್ಟದಲ್ಲಿ 37 ಸಾವಿರ ರೂಪಾಯಿ. ಮೈಸೂರಿನ ಬಾಡಿಗೆಗೂ ಬೆಂಗಳೂರಿನ ಬಾಡಿಗೆಗೂ ಇರುವ ವ್ಯತ್ಯಾಸವನ್ನು ನಾನಿನ್ನೂ ಕಳೆದಿಲ್ಲ.

ಹಳೇ_ಪಾಪಿ

ಸಂಬಳದ ಚೀಟಿಯವರ ಲೆಕ್ಕ ಚೆನ್ನಾಗಿದೆ, ಆದರೆ ಅದು ಸಮಾಧಾನ ಹೇಳುವುದಕ್ಕೆ ಹಾಕಿದ ಲೆಕ್ಕ. ಕಂಪನಿ ನೋಂದಾಯಿತವಾಗಿದ್ದರೆ ಆ 15 ಲಕ್ಷದ ಷೇರು ಕೈಗೆ ಬಂದ ದಿನವೇ ಮಾರಬಹುದಾದ ಹಣ. ತೆರಿಗೆ ಕಳೆದರೂ ಸುಮಾರು 10 ಲಕ್ಷ ಉಳಿಯುತ್ತದೆ. ಆಗ ಗೆಳೆಯನಿಗೆ ವರ್ಷಕ್ಕೆ ಕೈಗೆ ಬರುವ ಹಣ ಇವರದರ ಎರಡರಷ್ಟಾಗುತ್ತದೆ, ಬೋನಸ್ ಬಂದರೆ ಅದಕ್ಕಿಂತಲೂ ಹೆಚ್ಚು. ಅಂತರ ನಿಜವಾಗಿಯೂ ಇರುವಾಗ ಅದನ್ನು ಇಲ್ಲವೆಂದು ತೋರಿಸಿದರೆ, ನಾಳೆ ಸತ್ಯ ತಿಳಿದ ದಿನ ಆತಂಕ ಇಮ್ಮಡಿಯಾಗುತ್ತದೆ. ನನಗೆ ಐವತ್ತೆಂಟು ವಯಸ್ಸು. ನನ್ನ ಕಾಲದಲ್ಲಿ ಫೇಸ್‌ಬುಕ್ ಇರಲಿಲ್ಲ, ಆದರೂ ಯಾರ ಮಗ ಬ್ಯಾಂಕಿನಲ್ಲಿ ಆಫೀಸರ್ ಆದ, ಯಾರ ಮಗ ಗುಮಾಸ್ತನಾಗಿಯೇ ಉಳಿದ ಎಂಬುದು ಊರಿನ ಪ್ರತಿ ಜಗುಲಿಗೂ ತಿಳಿದಿತ್ತು.

ಸಂಬಳದ_ಚೀಟಿ

ನಿಮ್ಮ ಆಕ್ಷೇಪಣೆ ನ್ಯಾಯವಾಗಿದೆ. ಅದಕ್ಕೇ ಕಂಪನಿ ನೋಂದಾಯಿತವೇ ಎಂಬುದನ್ನು ತಿಳಿಯದೆ ತೀರ್ಮಾನ ಹೇಳುವುದು ಸಾಧ್ಯವಿಲ್ಲ. ನಾನು ಹೇಳಬಯಸಿದ್ದು ಅಂತರವಿಲ್ಲವೆಂದಲ್ಲ, ವಾಟ್ಸಾಪ್ ಗುಂಪಿನಲ್ಲಿ ಹರಿದಾಡುವ ಅಂಕಿಯಲ್ಲಿ ನಿಜವಾದ ಅಂತರ ಕಾಣುವುದಿಲ್ಲವೆಂದು. ಕೇಳಬೇಕಾದ ಪ್ರಶ್ನೆಗಳು ಮೂರೇ: ನಿಶ್ಚಿತ ವೇತನ ಎಷ್ಟು, ಸೇರುವಾಗಿನ ಬೋನಸ್ ಇಲ್ಲದ ಎರಡನೆಯ ವರ್ಷ ಪ್ಯಾಕೇಜಿನಲ್ಲಿ ಎಷ್ಟು ಉಳಿಯುತ್ತದೆ, ಷೇರು ಮಾರಲು ಬರುತ್ತದೆಯೇ.

ಎಡಿಸನ್_ಗೌಡ

ಪೋಸ್ಟ್ ಹಾಕುವವರ ಕಡೆಯಿಂದ ಒಂದು ಮಾತು. ನಾನು ನ್ಯೂಜೆರ್ಸಿಯಲ್ಲಿದ್ದೇನೆ, ಕಳೆದ ವರ್ಷ ಮನೆ ಕೊಂಡಾಗ ಅಂಗಳದಲ್ಲಿ ನಿಂತ ಚಿತ್ರವನ್ನು ಇನ್‌ಸ್ಟಾಗ್ರಾಮಿನಲ್ಲಿ ಹಾಕಿದೆ. ಸಾಲ ಮೂವತ್ತು ವರ್ಷದ್ದು. ವೀಸಾ ಎಚ್-1ಬಿ. ಕೆಲಸ ಹೋದರೆ ಇನ್ನೊಂದು ಕೆಲಸ ಹುಡುಕಲು ಸಾಮಾನ್ಯವಾಗಿ ಸಿಗುವ ಕಾಲಾವಕಾಶ 60 ದಿನ. ಇವುಗಳನ್ನು ಚಿತ್ರದ ಕೆಳಗೆ ಬರೆಯಲಿಲ್ಲ, ಬರೆಯುವ ಜಾಗವೂ ಅದಲ್ಲ. ಆ ಚಿತ್ರವನ್ನು ಹಾಕಿದ್ದು ಸಹಪಾಠಿಗಳಿಗಾಗಿಯೂ ಅಲ್ಲ. ಚನ್ನರಾಯಪಟ್ಟಣದ ಹತ್ತಿರದ ನಮ್ಮೂರಿನಲ್ಲಿ ಅಪ್ಪ ಅದನ್ನು ನಾಲ್ಕು ಜನಕ್ಕೆ ತೋರಿಸಲೆಂದು. ಅದನ್ನು ನೋಡಿ ಇನ್ನೊಬ್ಬರಿಗೆ ನಿದ್ದೆ ಬಾರದಿದ್ದರೆ ನನಗೆ ಬೇಸರವೇ, ಆದರೆ ತಪ್ಪು ಮಾಡಿದೆನೆಂದು ಅನ್ನಿಸುವುದಿಲ್ಲ.

ಕಾಫಿಪುಡಿ

ಇಷ್ಟೆಲ್ಲ ಲೆಕ್ಕ ಹಾಕುವ ಬದಲು ಆ್ಯಪ್ ತೆಗೆದರೆ ಮುಗಿಯಿತಲ್ಲ ಎಂದು ಮತ್ತೊಮ್ಮೆ ಹೇಳುತ್ತೇನೆ. ಬಳಕೆ ಕಡಿಮೆ ಮಾಡಿದರೆ ಆತಂಕ ಇಳಿಯುತ್ತದೆ ಎಂದು ಅಮೆರಿಕದ ವಿಶ್ವವಿದ್ಯಾಲಯವೇ ತೋರಿಸಿದೆ.

ಬೆಳವಲದ_ಲೆಕ್ಕಿಗ

ನೀವು ಹೇಳುತ್ತಿರುವುದು ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ 2018ರ ಅಧ್ಯಯನವಿರಬೇಕು. ಅದರಲ್ಲಿ 143 ವಿದ್ಯಾರ್ಥಿಗಳಿದ್ದರು. ಒಂದು ಗುಂಪು ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಸ್ನ್ಯಾಪ್‌ಚಾಟ್‌ಗಳನ್ನು ದಿನಕ್ಕೆ ತಲಾ ಹತ್ತು ನಿಮಿಷಕ್ಕೆ ಮಿತಿಗೊಳಿಸಿಕೊಂಡು ಮೂರು ವಾರ ಇತ್ತು, ಇನ್ನೊಂದು ಗುಂಪು ಎಂದಿನಂತೆ ಬಳಸಿತು. ಮಿತಿಗೊಳಿಸಿದವರಲ್ಲಿ ಒಂಟಿತನ ಮತ್ತು ಖಿನ್ನತೆ ಕಡಿಮೆಯಾದವು, ಅಷ್ಟರಮಟ್ಟಿಗೆ ನಿಮ್ಮ ಮಾತು ಸರಿ. ಆದರೆ ಆತಂಕದ ಮಾತೇ ಬೇರೆ. ಆತಂಕ ಮತ್ತು ತಾನು ಏನನ್ನೋ ಕಳೆದುಕೊಳ್ಳುತ್ತಿದ್ದೇನೆ ಎಂಬ ಭಯ ಎರಡೂ ಗುಂಪುಗಳಲ್ಲಿ ಇಳಿದವು. ಎಂದಿನಂತೆ ಬಳಸಿದವರೂ ತಾವು ಎಷ್ಟು ಹೊತ್ತು ಬಳಸಿದೆವೆಂಬ ದಾಖಲೆಯನ್ನು ಪ್ರತಿದಿನ ಕಳುಹಿಸಬೇಕಾಗಿತ್ತು. ತನ್ನನ್ನು ತಾನು ಗಮನಿಸಿಕೊಂಡದ್ದರಿಂದಲೇ ಹೀಗಾಗಿರಬಹುದೆಂದು ಸಂಶೋಧಕರು ಊಹಿಸಿದರು. ಅದು ಊಹೆಯೇ ಹೊರತು ಸಾಬೀತಾದದ್ದಲ್ಲ, ಮತ್ತು ಮೂರು ವಾರ ಬಹಳ ಚಿಕ್ಕ ಅವಧಿ. ಅಲ್ಲದೆ ಅವರ ಪಟ್ಟಿಯಲ್ಲಿ ಉದ್ಯೋಗದ ಜಾಲತಾಣವೇ ಇರಲಿಲ್ಲ. ಕೆಲಸ ಹುಡುಕುವವರು ಅದನ್ನು ಬಿಟ್ಟರೆ ನೇಮಕಾತಿಯವರ ಕರೆಗಳನ್ನೂ ಬಿಟ್ಟಂತಾಗುತ್ತದೆ.

ತುಂಗೆಯ_ದಡ

ಪಟ್ಟಿ ಮುಗಿಯಿತು. ಶನಿವಾರ ರಾತ್ರಿ ಮತ್ತು ಭಾನುವಾರ ಬೆಳಿಗ್ಗೆ ಸೇರಿ ನಾಲ್ಕು ಗಂಟೆ ಹಿಡಿಯಿತು.

ನಮ್ಮ ಸೆಕ್ಷನ್ನಿನಲ್ಲಿ 62 ಜನ. ಅವರಲ್ಲಿ ಲಿಂಕ್ಡ್‌ಇನ್‌ನಲ್ಲಿ ಸಿಕ್ಕಿದವರು 47. ಆರು ತಿಂಗಳಲ್ಲಿ ತಮ್ಮ ಬಗ್ಗೆ ಏನನ್ನಾದರೂ ಬರೆದವರು 11 ಜನ, ಒಟ್ಟು 38 ಪೋಸ್ಟುಗಳು. ಆ 38ರಲ್ಲಿ 27 ಪೋಸ್ಟುಗಳನ್ನು ಹಾಕಿದವರು ಐದೇ ಜನ, ಮತ್ತು ಸೋಮವಾರ ನನ್ನ ನಿದ್ದೆ ಕೆಡಿಸಿದ ಮೂವರೂ ಆ ಐವರಲ್ಲೇ ಇದ್ದಾರೆ. ಅಂದರೆ ನಾನು ಎರಡು ವರ್ಷಗಳಿಂದ ಐದು ಜನರೊಂದಿಗೆ ಓಡುತ್ತಾ ಅದನ್ನು 62 ಜನರ ಓಟವೆಂದು ತಿಳಿದಿದ್ದೆ.

ಉಳಿದವರ ಪೈಕಿ ಕೆಲವರಿಗೆ ಫೋನ್ ಮಾಡಿದೆ. ಒಬ್ಬ ಸಾಗರದಲ್ಲಿ ಅಡಿಕೆ ವ್ಯಾಪಾರ ನೋಡಿಕೊಳ್ಳುತ್ತಿದ್ದಾನೆ. ಒಬ್ಬಳು ಪಂಚಾಯಿತಿಯಲ್ಲಿ ಪಿಡಿಒ ಆಗಿದ್ದಾಳೆ. ಇನ್ನೊಬ್ಬನ ಪುಟದಲ್ಲಿ ಹಳೆಯ ಕಂಪನಿಯ ಹೆಸರೇ ಇದೆ, ಆದರೆ ಆತನನ್ನು ತೆಗೆದುಹಾಕಿ ಏಳು ತಿಂಗಳಾಗಿದೆ. ಆತ ನನ್ನನ್ನು ಕೇಳಿದ ಮೊದಲ ಮಾತು, ನೀನು ಇನ್ನೂ ಅದೇ ಕಡೆ ಗಟ್ಟಿಯಾಗಿದ್ದೀಯಲ್ಲವೇ ಎಂದು. ಆ ಮಾತಿನಲ್ಲಿ ನನ್ನ ಬಗ್ಗೆ ಇದ್ದ ಆಸೆಯ ದನಿಯನ್ನು ಕೇಳಿ ನನಗೆ ನಾಚಿಕೆಯಾಯಿತು.

ಸಮಾಧಾನವಾಯಿತೇ ಎಂದು ಕೇಳಿದರೆ, ಅರ್ಧ ಆಯಿತು. ಕೆಳಗಿರುವವರನ್ನು ಎಣಿಸಿ ನೆಮ್ಮದಿ ಪಡುವುದು ಕೂಡ ಅದೇ ತಕ್ಕಡಿಯಲ್ಲಿ ಕೂರುವುದೇ ಅಲ್ಲವೇ ಎಂಬ ಅನುಮಾನ ಹೋಗಲಿಲ್ಲ.

ದಾವಣಗೆರೆ_ಬೆಣ್ಣೆ

ಅದೇ ತಕ್ಕಡಿಯೇ. ಆದರೂ ನೀವು ಆರೇಳು ಜನರಿಗೆ ಫೋನ್ ಮಾಡಿದಿರಲ್ಲ, ನಾನು ಓರಗಿತ್ತಿಗೆ ಅದನ್ನೂ ಮಾಡಿರಲಿಲ್ಲ. ನಿನ್ನೆ ಮಾಡಿದೆ. ಅಡುಗೆಮನೆಯ ಕೆಲಸಕ್ಕೆ ಬಂದ ಬಡಗಿ ಮುಂಗಡ ತೆಗೆದುಕೊಂಡು ಎರಡು ತಿಂಗಳು ಸತಾಯಿಸಿದ ಕಥೆಯನ್ನು ಅವಳು ಮುಕ್ಕಾಲು ಗಂಟೆ ಹೇಳಿದಳು. ಆಮೇಲೆ ಅವಳ ಅಡುಗೆಮನೆ ಮೊದಲಿನಷ್ಟು ಚುಚ್ಚುತ್ತಿಲ್ಲ. ಸ್ಟೇಟಸ್ ಮ್ಯೂಟ್ ಮಾಡಿದ್ದನ್ನು ಮಾತ್ರ ಇನ್ನೂ ತೆಗೆದಿಲ್ಲ.

ಹಳೇ_ಪಾಪಿ

ತುಂಗೆಯ ದಡದವರೇ, ಆ 48 ಲಕ್ಷದವನಿಗೆ ಫೋನ್ ಮಾಡಿದಿರಾ? ಪಟ್ಟಿಯಲ್ಲಿ ಬೇಕಾದವರಿಗೆಲ್ಲ ಮಾಡಿ ಅವನೊಬ್ಬನನ್ನು ಬಿಟ್ಟಂತಿದೆ.

ತುಂಗೆಯ_ದಡ

ನೀವು ಸರಿಯಾಗಿಯೇ ಹಿಡಿದಿರಿ. ಬಿಟ್ಟಿದ್ದೆ. ನಿಮ್ಮ ಮಾತು ಓದಿದ ಮೇಲೆ ನಿನ್ನೆ ಸಂಜೆ ಮಾಡಿದೆ.

ಸಂಬಳದ ಚೀಟಿಯವರ ಮೂರು ಪ್ರಶ್ನೆಗಳನ್ನು ನೇರವಾಗಿ ಕೇಳುವುದಕ್ಕೆ ಸಂಕೋಚವಾಯಿತು, ಆದರೆ ಅವನೇ ಎಲ್ಲವನ್ನೂ ಹೇಳಿದ. ನಿಶ್ಚಿತ ವೇತನ 28 ಲಕ್ಷ. ಕಂಪನಿ ನೋಂದಾಯಿತವೇ, ಷೇರು ಮಾರಬಹುದು. ಆದ್ದರಿಂದ ಹಳೇ ಪಾಪಿಯವರ ಲೆಕ್ಕವೇ ನಿಜಕ್ಕೆ ಹತ್ತಿರವಾಯಿತು. ಅಂತರ ದೊಡ್ಡದೇ ಇದೆ. ವಿಚಿತ್ರವೆಂದರೆ, ಅಂಕಿ ಖಚಿತವಾದ ಮೇಲೆ ರಾತ್ರಿ ನಿದ್ದೆ ಬಂತು.

ಮಾತಿನ ಕೊನೆಗೆ ಅವನು, ತಮ್ಮ ತಂಡದಲ್ಲಿ ಪರೀಕ್ಷಣೆಯವರಿಗೆ ಎರಡು ಜಾಗಗಳಿವೆ, ರೆಫರಲ್ ಹಾಕಲೇ ಎಂದು ಕೇಳಿದ. ವಾರಕ್ಕೆ ಮೂರು ದಿನ ಬೆಂಗಳೂರಿನ ಕಚೇರಿಗೆ ಹೋಗಬೇಕು. ಮೈಸೂರಿನಲ್ಲಿ ಅಮ್ಮ ನಮ್ಮ ಜೊತೆಗಿದ್ದಾರೆ, ಮಗಳ ಶಾಲೆ ಮನೆಯಿಂದ ನಡೆದುಹೋಗುವಷ್ಟು ಹತ್ತಿರವಿದೆ. ಎರಡು ದಿನ ಸಮಯ ಕೊಡು ಎಂದಿದ್ದೇನೆ. ಐವರಲ್ಲಿ ನಾಲ್ವರ ಪುಟಗಳಲ್ಲಿ Unfollow ಒತ್ತಿದ್ದೇನೆ, ಇವನದ್ದನ್ನು ಒತ್ತಿಲ್ಲ. ಸಂಬಳದ ಚೀಟಿಯವರೇ, ಮೂರು ದಿನವನ್ನು ಎರಡಕ್ಕೆ ಇಳಿಸುವಂತೆ ಕೇಳುವುದಾದರೆ ಆಫರ್ ಬರುವುದಕ್ಕೆ ಮೊದಲೇ ಕೇಳಬೇಕೇ, ಬಂದ ಮೇಲೆ ಕೇಳಬೇಕೇ?